ಹಳೇ ಗ್ರಾಹಕರ ಹತ್ತಿರ "ಬೇರೆ ಹೋಟೆಲಿನವರಿಗೂ ನಮ್ಮ ಹೆಸರು ಹೇಳಿ" ಅಂತ ಕೇಳೋದು ಹೇಗೆ?

ಮಾಧವ, ಚೆಂಬೂರ್

ಎಲ್ಲರಿಗೂ ನಮಸ್ಕಾರ. ಮುಂಬೈಯಲ್ಲಿ ಹೋಟೆಲ್ ಕಿಚನ್ನಿನ ಹೊಗೆ ಡಕ್ಟ್ ಕ್ಲೀನ್ ಮಾಡುವ ಕೆಲಸ ನಮ್ಮದು. ಹೋಟೆಲ್ ಮುಚ್ಚಿದ ಮೇಲೆ ರಾತ್ರಿ ಹುಡುಗರ ಜೊತೆ ಹೋಗುತ್ತೇನೆ. ಹುಡ್, ಫಿಲ್ಟರ್, ಡಕ್ಟ್, ಟೆರೇಸ್ ಮೇಲಿನ ಬ್ಲೋವರ್ ಎಲ್ಲದರ ಜಿಡ್ಡು ತೆಗೆದು, ಬೆಳಗಿನ ಇಡ್ಲಿ ಹಬೆಗೆ ಇಡುವ ಮೊದಲು ಕಿಚನ್ ಒಪ್ಪಿಸುತ್ತೇವೆ.

ನಮ್ಮ ಏರಿಯಾದಲ್ಲೇ ಒಬ್ಬರು ಶೆಟ್ರು ಇದ್ದಾರೆ. ಲಾಕ್‌ಡೌನ್ ಮುಗಿದು ಹೋಟೆಲ್ ತೆರೆದಾಗಿನಿಂದ ಮೂರು ತಿಂಗಳಿಗೊಮ್ಮೆ ನಮಗೇ ಕೆಲಸ ಕೊಡುತ್ತಾರೆ. ತಂದೂರಿ, ಚೈನೀಸ್ ಎರಡೂ ಇದೆ. ಮೇಲೆ ಮನೆಗಳಿವೆ. ಮೊದಲು ಮೇಲಿನವರಿಂದ ಹೊಗೆ, ಒಗ್ಗರಣೆ ವಾಸನೆ ಅಂತ ದೂರು ಬರುತ್ತಲೇ ಇತ್ತು. ಬ್ಲೋವರ್ ರೆಕ್ಕೆಗೆ ಜಿಡ್ಡು ಮೆತ್ತಿ ಗಾಳಿ ಎಳೆಯುತ್ತಿರಲಿಲ್ಲ, ಡಕ್ಟ್ ಜಾಯಿಂಟಿನಿಂದ ಹೊಗೆ ಹೊರಗೆ ನುಗ್ಗುತ್ತಿತ್ತು. ಅದನ್ನು ಸರಿ ಮಾಡಿದ ಮೇಲೆ ದೂರು ನಿಂತಿದೆ. "ಮಾರಾಯ, ನಿನ್ನಿಂದ ನನಗೊಂದು ತಲೆನೋವು ಹೋಯ್ತು" ಅಂತ ಅವರೇ ಹೇಳುತ್ತಾರೆ.

ಅವರಿಗೆ ಮುಲುಂಡ್‌ನಿಂದ ವಾಶಿವರೆಗೆ ಹೋಟೆಲಿನವರ ಪರಿಚಯ ಬಹಳ. ಅವರು ಒಂದು ಮಾತು ಹೇಳಿದರೆ ನನಗೆ ಹತ್ತು ಕಡೆ ಬಾಗಿಲು ತೆರೆಯುತ್ತದೆ. ಆದರೆ ಅವರು ನನ್ನನ್ನು ತಮ್ಮನ ಹಾಗೆ ನೋಡುವವರು. "ಇವನು ಇದಕ್ಕೇ ಇಷ್ಟು ಚೆನ್ನಾಗಿ ನಡೆದುಕೊಂಡನಾ" ಅಂತ ಅವರಿಗೆ ಅನ್ನಿಸಬಾರದು. ಹೋದ ಸಲದ ಬಿಲ್ ಇನ್ನೂ ಬರಬೇಕು. ವರ್ಷದ ಕಾಂಟ್ರ್ಯಾಕ್ಟ್ ಮುಂದಿನ ತಿಂಗಳು ರಿನ್ಯೂ ಆಗಬೇಕು. ಯಾವಾಗ ಕೇಳಲಿ, ಏನಂತ ಕೇಳಲಿ?

ಪ್ರಕಾಶ, ಡೊಂಬಿವಲಿ

ಮಾಧವ್, ಇದರಲ್ಲಿ ಯೋಚನೆ ಮಾಡೋದೇನಿದೆ? ನನ್ನದು ಸ್ವಿಚ್, ಕೇಬಲ್ ಸಪ್ಲೈ. ನಮ್ಮ ಲೈನಲ್ಲಿ ಕಮಿಷನ್ ಇಲ್ಲದೆ ಯಾರೂ ಯಾರ ಹೆಸರೂ ಹೇಳಲ್ಲ. ಶೆಟ್ರಿಗೆ ಕೊಡೋಕೆ ಸಂಕೋಚ ಆದರೆ ಅವರ ಮ್ಯಾನೇಜರನ್ನು ಹಿಡಿಯಿರಿ. ಎಲ್ಲ ಹೋಟೆಲ್ ಮ್ಯಾನೇಜರ್‌ಗಳೂ ಒಬ್ಬರಿಗೊಬ್ಬರು ಗೊತ್ತು. ಒಂದು ಕೆಲಸ ಸಿಕ್ಕರೆ ಇಷ್ಟು ಅಂತ ಹೇಳಿಬಿಡಿ. ಆಮೇಲೆ ಬಿಡಬೇಡಿ, ಸಿಕ್ಕಾಗೆಲ್ಲ ನೆನಪಿಸಿ. ಕೇಳದೆ ಇದ್ದರೆ ಯಾರೂ ಕೊಡಲ್ಲ.

ಸವಿತಾ, ಕೋಥ್ರೂಡ್

ನಾನು ಪುಣೆಯಲ್ಲಿ ಬೊಟೀಕ್ ನಡೆಸುತ್ತೇನೆ. ಕ್ಯೂಆರ್ ಕೋಡ್ ಪ್ರಿಂಟ್ ಮಾಡಿ ಕೌಂಟರ್ ಮೇಲೆ ಇಟ್ಟಿದ್ದೇನೆ. ಬಟ್ಟೆ ತೆಗೆದುಕೊಂಡು ಹೋಗುವವರಿಗೆ "ಎರಡು ಸಾಲು ರಿವ್ಯೂ ಬರೀತೀರಾ" ಅಂತ ನಗುತ್ತಾ ಕೇಳುತ್ತೇನೆ. ಹೆಚ್ಚಿನವರು ಬರೆಯುತ್ತಾರೆ. ನಿಮ್ಮ ಶೆಟ್ರಿಗೂ ಗೂಗಲ್ ಲಿಂಕ್ ಕಳಿಸಿ, ಮುಜುಗರವೇ ಇಲ್ಲ.

ಸುಜಾತಾ, ಮುಲುಂಡ್

ಸವಿತಾ, ನೀವು ಹೇಳುವುದು ರಿವ್ಯೂ. ಮನೆ ಗ್ರಾಹಕರಿಗೆ ಅದು ನಡೆಯುತ್ತದೆ. ಆದರೆ ಹೋಟೆಲ್ ಮಾಲೀಕರು ಡಕ್ಟ್ ತೊಳೆಯುವವರನ್ನು ಗೂಗಲ್ ನಕ್ಷತ್ರ ನೋಡಿ ಆರಿಸುವುದು ಕಡಿಮೆ. ರಾತ್ರಿ ಹೊತ್ತು ಹೋಟೆಲಿನ ಕೀಲಿ ಕೊಟ್ಟು ಅಪರಿಚಿತ ಹುಡುಗರನ್ನು ಒಳಗೆ ಬಿಡಬೇಕು. ಅಲ್ಲಿ ಬೇಕಾಗುವುದು ಗೊತ್ತಿರುವ ಇನ್ನೊಬ್ಬ ಮಾಲೀಕನ ಮಾತು. ಮಾಧವ್ ಕೇಳುತ್ತಿರುವುದು ಅದನ್ನೇ.

ನಾನು ಹೋಟೆಲು, ಆಸ್ಪತ್ರೆಗಳಿಗೆ ಪೆಸ್ಟ್ ಕಂಟ್ರೋಲ್ ಮಾಡುವ ಕಂಪನಿಯಲ್ಲಿ ಬಹಳ ವರ್ಷ ಸೇಲ್ಸ್ ನೋಡಿಕೊಂಡವಳು. ನಮಗೂ ಹೊಸ ಕೆಲಸ ಹೆಚ್ಚಾಗಿ ಹೀಗೇ ಬರುತ್ತಿತ್ತು.

ಮೊದಲು ಹೊತ್ತಿನ ವಿಷಯ. ಬಾಕಿ ಬಿಲ್ ಇರುವಾಗ ಕೇಳಬೇಡಿ. ಒಂದೇ ಫೋನಿನಲ್ಲಿ ಬಿಲ್ ನೆನಪಿಸಿ, ಹೆಸರು ಹೇಳಿ ಅಂತಲೂ ಕೇಳಿದರೆ ಎರಡೂ ಭಾರ ಆಗುತ್ತದೆ. ರಿನ್ಯೂವಲ್ ಮಾತಿನ ನಡುವೆಯಂತೂ ಬೇಡವೇ ಬೇಡ. ಆಗ ಅವರು ತಮಾಷೆಗಾದರೂ "ನಾಲ್ಕು ಪಾರ್ಟಿ ಕೊಡಿಸ್ತೇನೆ, ನನ್ನ ರೇಟ್ ಇಳಿಸು" ಅನ್ನುತ್ತಾರೆ. ಸಂಬಂಧದ ಮಾತು ಅಲ್ಲಿಗೆ ಚೌಕಾಸಿ ಆಗಿಬಿಡುತ್ತದೆ. ಬಿಲ್ ಬರಲಿ, ಕಾಂಟ್ರ್ಯಾಕ್ಟ್ ಸಹಿ ಆಗಲಿ. ಅದಾದ ಮೇಲಿನ ಮೊದಲ ಕ್ಲೀನಿಂಗ್ ಮುಗಿದ ಬೆಳಗ್ಗೆ ಕೇಳಿ.

ಆ ಬೆಳಗ್ಗೆ ಕೆಲಸ ಅವರ ಕಣ್ಣಿಗೆ ಕಾಣಬೇಕು. ಬ್ಲೋವರ್ ಹಾಕಿ ಒಂದು ಟಿಶ್ಯೂ ಪೇಪರನ್ನು ಫಿಲ್ಟರ್ ಹತ್ತಿರ ಹಿಡಿಯಿರಿ. ಗಾಳಿ ಎಳೆಯುತ್ತಿದ್ದರೆ ಅದು ಫಿಲ್ಟರಿಗೆ ಹೋಗಿ ಅಂಟಿಕೊಳ್ಳುತ್ತದೆ. "ಚೆನ್ನಾಗಾಗಿದೆ" ಅಂತ ಅವರ ಬಾಯಿಂದ ಬಂದ ಆ ಹೊತ್ತು ನಿಮ್ಮದು. ಅವತ್ತು ಅವರ ಮುಖದಲ್ಲಿ ಬೇರೇನೋ ಚಿಂತೆ ಕಂಡರೆ ಸುಮ್ನೆ ಬಂದುಬಿಡಿ. ಮೂರು ತಿಂಗಳಲ್ಲಿ ಮತ್ತೆ ಹೋಗುತ್ತೀರಲ್ಲ.

ಪ್ರಕಾಶ್ ಹೇಳಿದ್ದರಲ್ಲಿ ಒಂದು ಸರಿ. ಕೇಳದೆ ಇದ್ದರೆ ಬರುವುದು ಕಡಿಮೆ. ಒಳ್ಳೆಯ ಗ್ರಾಹಕರಿಗೆ ನಮಗೆ ಇನ್ನೂ ಕೆಲಸ ಬೇಕು ಅನ್ನುವುದೇ ಹೊಳೆಯುವುದಿಲ್ಲ. ಇವನ ಕೈತುಂಬಾ ಕೆಲಸ ಇದೆ ಅಂದುಕೊಂಡಿರುತ್ತಾರೆ. ಆದರೆ ಮ್ಯಾನೇಜರ್ ಕಮಿಷನ್ ಮಾತು ನಾನು ಒಪ್ಪುವುದಿಲ್ಲ.

ಹೋಟೆಲಿನವ, ಮಾಟುಂಗಾ

ನಾನು ಆ ಕಡೆಯವನು, ಹೋಟೆಲ್ ನಡೆಸುವವನು. ಹಾಗಾಗಿ ಹೇಳುತ್ತೇನೆ.

ನನ್ನ ಮ್ಯಾನೇಜರಿಗೆ ನೀವು ನನಗೆ ಗೊತ್ತಿಲ್ಲದೆ ಹಣ ಕೊಟ್ಟಿದ್ದು ತಿಳಿದರೆ, ನಾನು ನಿಮ್ಮ ಹಳೇ ಬಿಲ್‌ಗಳನ್ನೂ ತೆಗೆದು ನೋಡುತ್ತೇನೆ. ಫಿಲ್ಟರ್ ಬದಲಾಯಿಸಿದ್ದು ನಿಜವಾ, ಅಷ್ಟು ಕೆಮಿಕಲ್ ಬೇಕಿತ್ತಾ ಅಂತ ಎಲ್ಲದರ ಮೇಲೂ ಸಂಶಯ ಬರುತ್ತದೆ. ಅಲ್ಲಿಗೆ ನಿಮ್ಮ ಹಳೇ ಗ್ರಾಹಕ ಹೋದ ಹಾಗೆ.

ಇನ್ನು ನಾವು ಯಾಕೆ ಹಿಂಜರಿಯುತ್ತೇವೆ ಅಂದರೆ, ನಾನು ಯಾರಿಗಾದರೂ ನಿಮ್ಮ ಹೆಸರು ಹೇಳಿ, ನಿಮ್ಮ ಹುಡುಗರು ಅಲ್ಲಿ ಫಾಲ್ಸ್ ಸೀಲಿಂಗ್ ಮೇಲೆ ಕಾಲಿಟ್ಟು ಮುರಿದರೆ ಅವರು ಫೋನ್ ಮಾಡುವುದು ನನಗೆ. ನಿಮಗೆ ಕೆಲಸ ಜಾಸ್ತಿ ಆದರೆ ನನ್ನ ತಾರೀಕು ಮುಂದೆ ಹೋಗುತ್ತದಾ ಅನ್ನುವುದು ಇನ್ನೊಂದು. ಇದನ್ನು ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ.

ಎಲ್ಲಕ್ಕಿಂತ ದೊಡ್ಡದು ಫೋಟೋ. ನೀವು ಕ್ಲೀನಿಂಗ್ ಮೊದಲು, ಆಮೇಲೆ ಅಂತ ಫೋಟೋ ತೆಗೆಯುತ್ತೀರಿ. ಆ "ಮೊದಲು" ಫೋಟೋದಲ್ಲಿ ಇರುವುದು ನನ್ನ ಕಿಚನ್ನಿನ ಜಿಡ್ಡು. ಅದನ್ನು ಇನ್ನೊಬ್ಬ ಹೋಟೆಲಿನವರಿಗೆ ತೋರಿಸಿ "ಇದು ಮಾಟುಂಗಾದ ಇಂಥವರದ್ದು" ಅಂದರೆ ನನ್ನ ಮಾನ ಏನಾಗಬೇಕು? ಒಬ್ಬರು ಹಾಗೆ ನನ್ನ ಹತ್ತಿರ ಬೇರೆಯವರ ಕಿಚನ್ ಫೋಟೋ ತೋರಿಸಿದರು. ನಾನು ಅವರಿಗೆ ಚಹಾ ಕೊಟ್ಟು ಕಳಿಸಿದೆ, ಕೆಲಸ ಕೊಡಲಿಲ್ಲ.

ಇನ್ನೊಂದು. ಕುರ್ಲಾ ಬಂಟರ ಭವನದಲ್ಲಿ ಮದುವೆಗೋ ಯಕ್ಷಗಾನಕ್ಕೋ ಬಂದಾಗ, ನಾಲ್ಕು ಜನ ಹೋಟೆಲಿನವರು ನಿಂತಿರುವಾಗ ಕೇಳಬೇಡಿ. ಎಲ್ಲರೆದುರು ಇಲ್ಲ ಅನ್ನೋಕೆ ಆಗಲ್ಲ. ಹೂಂ ಅಂತೇವೆ, ಮನಸ್ಸಲ್ಲಿ ಬೇಜಾರು ಉಳಿಯುತ್ತೆ.

ಪ್ರಕಾಶ, ಡೊಂಬಿವಲಿ

ಮಾಲೀಕರೇ ಗಲ್ಲೆಯಲ್ಲಿ ಕೂರುವ ಹೋಟೆಲಿಗೆ ನೀವು ಹೇಳಿದ್ದು ಸರಿ ಅಣ್ಣ, ಒಪ್ಪುತ್ತೇನೆ. ಆದರೆ ಇಪ್ಪತ್ತು ಔಟ್‌ಲೆಟ್ ಇರುವ ಚೈನ್‌ಗಳಲ್ಲಿ ಮಾಲೀಕರು ಕಾಣಲು ಸಿಗುವುದೇ ಇಲ್ಲ. ಅಲ್ಲಿ ಮ್ಯಾನೇಜರೇ ದೇವರು.

ಸುಜಾತಾ, ಮುಲುಂಡ್

ಚೈನ್‌ಗಳಲ್ಲಿ ಹಣದ ಮಾತು ಇನ್ನೂ ಅಪಾಯ, ಪ್ರಕಾಶ್. ಅವರಿಗೆ ಕಂಪನಿ ನಿಯಮ ಇರುತ್ತದೆ, ಸಿಕ್ಕಿಬಿದ್ದರೆ ಅವರ ಕೆಲಸ ಹೋಗುತ್ತದೆ. ಅಲ್ಲಿನ ಮೆಂಟೆನೆನ್ಸ್‌ನವರು ಬಾಯಿಬಿಟ್ಟು ನಿಮ್ಮನ್ನು ಶಿಫಾರಸು ಮಾಡಲಾರರು. ಅವರ ಹತ್ತಿರ ಸಣ್ಣದನ್ನು ಕೇಳಬಹುದು. "ಸರ್, ನಿಮ್ಮ ಥಾಣೆ ಔಟ್‌ಲೆಟ್‌ನಲ್ಲಿ ಇದನ್ನು ಯಾರು ನೋಡಿಕೊಳ್ಳುತ್ತಾರೆ?" ಅಷ್ಟೇ. ಹೆಸರು ಸಿಕ್ಕರೆ ಮುಂದಿನದು ನಿಮ್ಮ ಪ್ರಯತ್ನ.

ಮಾಧವ್, ಮಾಟುಂಗಾದ ಅಣ್ಣ ಹೇಳಿದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅವರ ಭಯಗಳಿಗೆ ನೀವು ಕೇಳುವಾಗಲೇ ಉತ್ತರ ಇರಬೇಕು.

ಮಾಧವ, ಚೆಂಬೂರ್

ಬಹಳ ಉಪಕಾರ. ಫೋಟೋ ಮಾತು ನನ್ನನ್ನು ತುಂಬಾ ಯೋಚನೆಗೆ ಹಚ್ಚಿತು. ಒಂದು ವಾಟ್ಸ್ಯಾಪ್ ಮೆಸೇಜ್ ಬರೆದಿದ್ದೇನೆ, ನೋಡಿ:

"ಮಾನ್ಯರೇ, ನಮ್ಮ ಸೇವೆ ತಮಗೆ ತೃಪ್ತಿ ತಂದಿದೆ ಎಂದು ಭಾವಿಸುತ್ತೇವೆ. ನಮ್ಮ ವ್ಯವಹಾರದ ಬೆಳವಣಿಗೆಗಾಗಿ ತಮ್ಮ ಪರಿಚಯದ 5 ಹೋಟೆಲ್ ಮಾಲೀಕರ ಹೆಸರು ಮತ್ತು ನಂಬರ್ ಕಳಿಸಿಕೊಡಬೇಕಾಗಿ ವಿನಂತಿ. ಪ್ರತಿ ಹೆಸರಿಗೂ ಮುಂದಿನ ಸರ್ವಿಸ್‌ನಲ್ಲಿ ರಿಯಾಯಿತಿ ನೀಡಲಾಗುವುದು."

ಸುಜಾತಾ, ಮುಲುಂಡ್

ಇದನ್ನು ಕಳಿಸಬೇಡಿ. "ಮಾರಾಯ" ಅನ್ನುವವರಿಗೆ ಬ್ಯಾಂಕಿನ ಪತ್ರ ಬಂದ ಹಾಗಿದೆ. ಐದು ನಂಬರ್ ಅಂದರೆ ಅವರು ಕೂತು ಫೋನ್ ತೆಗೆದು ಹುಡುಕಬೇಕು. ಆ ಐದು ಜನ "ನನ್ನ ನಂಬರ್ ಯಾಕೆ ಕೊಟ್ರಿ" ಅಂತ ಅವರನ್ನು ಕೇಳಬಹುದು. ರಿಯಾಯಿತಿ ಮೊದಲೇ ಹೇಳಿದರೆ ಅವರು ಸ್ನೇಹಕ್ಕೆ ಹೇಳಿದ ಮಾತೂ ದುಡ್ಡಿಗೆ ಹೇಳಿದ್ದು ಅಂತ ಕಾಣುತ್ತದೆ.

ಮೊದಲು ಬಾಯಲ್ಲಿ ಕೇಳಿ, ಮೆಸೇಜ್ ಆಮೇಲೆ. "ಯಾರಾದ್ರೂ ಇದ್ರೆ ಹೇಳಿ" ಅಂತ ಕೇಳಿದರೆ ಯಾರೂ ನೆನಪಿಗೆ ಬರುವುದಿಲ್ಲ. ಹೇಳ್ತೇನೆ ಅನ್ನುತ್ತಾರೆ, ಗಲ್ಲೆಗೆ ಗಿರಾಕಿ ಬಂದ ಕೂಡಲೇ ಮರೆಯುತ್ತಾರೆ. ಅವರಿಗೆ ಇದ್ದ ತೊಂದರೆಯನ್ನೇ ಹಿಡಿದು ಕೇಳಿ. ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ:

"ಅಣ್ಣ, ಒಂದು ಮಾತು ಕೇಳ್ಲಾ? ಆಗಲ್ಲ ಅಂದ್ರೂ ನನಗೇನೂ ಬೇಜಾರಿಲ್ಲ. ಮೇಲೆ ಮನೆಗಳಿರೋ ಬಿಲ್ಡಿಂಗಲ್ಲಿ ತಂದೂರಿ, ಚೈನೀಸ್ ಇಟ್ಕೊಂಡು, ನಿಮಗೆ ಮೊದಲು ಬರ್ತಿದ್ದ ಥರ ಹೊಗೆ ದೂರು ಬರ್ತಿರೋರು ನಿಮಗೆ ಗೊತ್ತಿರೋರಲ್ಲಿ ಯಾರಾದ್ರೂ ಇದ್ದಾರಾ? ಇದ್ರೆ ನನಗೆ ಅವರ ನಂಬರ್ ಬೇಡ. ನೀವೇ ಒಮ್ಮೆ ಅವರನ್ನ ಕೇಳಿ. ಅವರಿಗೆ ಬೇಕು ಅನ್ಸಿದ್ರೆ ನನ್ನ ನಂಬರ್ ಕೊಡಿ. ನಿಮ್ಮ ತಾರೀಕು ಮಾತ್ರ ಯಾವತ್ತೂ ಹಿಂದೆ ಮುಂದೆ ಆಗಲ್ಲ, ನಿಮ್ಮ ಕಿಚನ್ ಫೋಟೋ ಯಾರಿಗೂ ತೋರಿಸಲ್ಲ."

ಇಷ್ಟು ಹೇಳಿ ನಿಲ್ಲಿಸಿ. ಅವರು ಯೋಚಿಸುವಾಗ ನೀವು ಮಾತಾಡಿ ತುಂಬಿಸಬೇಡಿ. "ನೋಡೋಣ" ಅಂದರೆ ಕೂಡಲೇ ಬೇರೆ ಮಾತಿಗೆ ಹೋಗಿ, ಚಹಾ ಕುಡಿದು ಎದ್ದು ಬನ್ನಿ. ನಿಮ್ಮ ನಂಬರ್ ಅವರ ಮೂಲಕ ಹೋದರೆ ಬರುವ ಫೋನ್ ಕಡಿಮೆ, ಅದು ನಿಜ. ಆದರೆ ಫೋನ್ ಮಾಡುವವರಿಗೆ ನಿಜವಾಗಿ ಬೇಕಾಗಿರುತ್ತದೆ.

ಅವರು ಹೂಂ ಅಂದರೆ ಮಾತ್ರ, ಮುಂದೆ ಕಳಿಸಲು ಒಂದು ಸಣ್ಣ ಮೆಸೇಜ್ ಕೊಡಿ. ಅದು ಅವರ ಮಾತಿನ ಹಾಗೆ ಇರಲಿ:

"ನಮ್ಮ ಡಕ್ಟ್ ಇವರೇ ಕ್ಲೀನ್ ಮಾಡೋದು. ರಾತ್ರಿ ಬಂದು ಬೆಳಗ್ಗೆ ಕಿಚನ್ ಒಪ್ಪಿಸ್ತಾರೆ. ಮೇಲಿನವರ ಹೊಗೆ ದೂರು ನಿಂತಿದೆ. ಬೇಕಿದ್ರೆ ಮಾಧವನ ಹತ್ರ ಮಾತಾಡಿ. ಬಂದು ನೋಡಿ ಹೇಳೋಕೆ ದುಡ್ಡಿಲ್ಲ."

ಹೋಟೆಲಿನವ, ಮಾಟುಂಗಾ

ಹೀಗೆ ಕೇಳಿದರೆ ನನಗೂ ಒಂದಿಬ್ಬರ ಹೆಸರು ಕೂಡಲೇ ನೆನಪಾಗುತ್ತದೆ. ಜನವರಿ, ಜುಲೈಗೆ ಮೊದಲು ಕೇಳಿದರೆ ಇನ್ನೂ ಒಳ್ಳೆಯದು. ಆಗ ಫೈರ್‌ನವರ ಫಾರ್ಮ್ ಬಿ ಕೊಡಬೇಕಾಗುತ್ತದೆ, ಕಿಚನ್ ಬೆಂಕಿ ವಿಷಯ ಎಲ್ಲ ಮಾಲೀಕರ ತಲೆಯಲ್ಲೂ ಓಡುತ್ತಿರುತ್ತದೆ.

ಸುಜಾತಾ, ಮುಲುಂಡ್

ಸರಿ. ಆದರೆ "ನಮ್ಮ ಹತ್ತಿರ ಕ್ಲೀನ್ ಮಾಡಿಸಿದರೆ ಫಾರ್ಮ್ ಬಿ ಆಗುತ್ತೆ" ಅಂತ ಮಾತ್ರ ಹೇಳಬೇಡಿ ಮಾಧವ್. ಅದನ್ನು ಕೊಡುವುದು ಲೈಸೆನ್ಸ್ ಇರುವ ಏಜೆನ್ಸಿ, ಕಟ್ಟಡದ ಬೆಂಕಿ ಆರಿಸುವ ವ್ಯವಸ್ಥೆ ಸರಿ ಇದೆ ಅಂತ. ನಿಮ್ಮ ಕೆಲಸ ಬೇರೆ. ಶೆಟ್ರು ಅದನ್ನೇ ನಂಬಿ ಇನ್ನೊಬ್ಬರಿಗೆ ಹೇಳಿದರೆ ಅವರ ಮಾತು ಸುಳ್ಳಾಗುತ್ತದೆ.

ರೇಷ್ಮಾ, ಮಡಗಾಂವ್

ನನ್ನದು ಗೋವಾದಲ್ಲಿ ಲಾಂಡ್ರಿ. ಗೆಸ್ಟ್‌ಹೌಸ್‌ಗಳ ಬೆಡ್‌ಶೀಟ್, ಟವೆಲ್ ಒಗೆದು ಕೊಡುತ್ತೇವೆ. ಕೋಲ್ವಾ ಹತ್ತಿರದ ಒಬ್ಬ ಗಿರಾಕಿ ನಮ್ಮನ್ನು ಬಹಳ ಹೊಗಳುತ್ತಾರೆ. ಅಕ್ಕಪಕ್ಕದ ಗೆಸ್ಟ್‌ಹೌಸಿಗೆ ಹೇಳ್ತೀರಾ ಅಂತ ಕೇಳಿದೆ. ಖಂಡಿತ ಅಂದರು. ಮಳೆಗಾಲ ಕಳೆದು ಸೀಸನ್ ಬಂತು, ಯಾರೂ ಫೋನ್ ಮಾಡಲಿಲ್ಲ. ಮತ್ತೆ ಕೇಳಬೇಕಾ?

ಸುಜಾತಾ, ಮುಲುಂಡ್

ಒಮ್ಮೆ ಕೇಳಬಹುದು ರೇಷ್ಮಾ, ಬೇರೆ ಮಾತಿನ ಜೊತೆ, ಹಗುರವಾಗಿ. ಅದಕ್ಕಿಂತ ಹೆಚ್ಚು ಬೇಡ. ಆದರೆ ಯಾರ ಹತ್ತಿರ ಹೇಳಿ ಅಂತ ಕೇಳಿದಿರಿ ಅನ್ನುವುದನ್ನು ನೋಡಿ. ಪಕ್ಕದ ಗೆಸ್ಟ್‌ಹೌಸ್ ಸೀಸನ್ನಿನಲ್ಲಿ ಅವರ ಎದುರಾಳಿ. ಅವರಿಗೂ ನೀವು ಹೋದರೆ, ಡಿಸೆಂಬರ್ ಕೊನೆಯಲ್ಲಿ ಎಲ್ಲ ರೂಮ್ ತುಂಬಿರುವಾಗ ತಮ್ಮ ಬೆಡ್‌ಶೀಟ್ ತಡವಾಗುತ್ತದೆ ಅನ್ನುವ ಭಯ ಅವರಿಗೆ ಇರಬಹುದು. ಇಲ್ಲ ಅನ್ನೋಕೆ ಮನಸ್ಸಾಗದೆ ಖಂಡಿತ ಅಂದಿರಬಹುದು.

ಅದರ ಬದಲು ಅವರ ಜೊತೆ ಪೈಪೋಟಿ ಇಲ್ಲದವರ ಬಗ್ಗೆ ಕೇಳಿ. ಅವರಿಗೆ ಗೊತ್ತಿರುವ ಸಲೂನ್, ಸ್ಪಾ, ಸಣ್ಣ ನರ್ಸಿಂಗ್ ಹೋಂ, ಮದುವೆ ಹಾಲ್. ಸಲೂನ್ ಟವೆಲ್ ವರ್ಷವಿಡೀ ಬರುತ್ತದೆ, ನಿಮ್ಮ ಮಳೆಗಾಲದ ಖಾಲಿ ದಿನವೂ ತುಂಬುತ್ತದೆ. ನರ್ಸಿಂಗ್ ಹೋಂ ಬಟ್ಟೆ ಮಾತ್ರ ಬೇರೆಯಾಗಿ ಒಗೆಯಬೇಕು. ಆ ವ್ಯವಸ್ಥೆ ಇದ್ದರೆ ಮಾತ್ರ ಅವರ ಹೆಸರೆತ್ತಿ.

ರೇಷ್ಮಾ, ಮಡಗಾಂವ್

ಇದು ನನಗೆ ಹೊಳೆದಿರಲೇ ಇಲ್ಲ ಅಕ್ಕ. ಆದರೆ ಅವರು ಭಯಕ್ಕೆ ಹೇಳಲಿಲ್ಲವೋ, ಮರೆತರೋ ಅಂತ ಹೇಗೆ ತಿಳಿಯುವುದು?

ಸುಜಾತಾ, ಮುಲುಂಡ್

ಅದು ಹೊರಗಿನಿಂದ ಗೊತ್ತಾಗಲ್ಲ. ಸಲೂನ್ ಬಗ್ಗೆ ಕೇಳಿದಾಗ ಕೂಡಲೇ ಒಂದು ಹೆಸರು ಬಂದರೆ ಮೊದಲಿನದು ಭಯ ಅಂತ ಊಹಿಸಬಹುದು. ಅಷ್ಟೇ.

ಮಾಧವ, ಚೆಂಬೂರ್

ಹೋಗಿ ಕೇಳಿ ಬಂದೆ, ನಿಮಗೆಲ್ಲ ಹೇಳಲೇಬೇಕು.

ಬಿಲ್ ಬಂತು, ಕಾಂಟ್ರ್ಯಾಕ್ಟ್ ಹಳೇ ರೇಟಿಗೇ ಆಯಿತು. ಕ್ಲೀನಿಂಗ್ ಮುಗಿದ ಬೆಳಗ್ಗೆ ಸುಜಾತಕ್ಕ ಹೇಳಿದ ಹಾಗೇ ಕೇಳಿದೆ. ಶೆಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಘಾಟ್ಕೋಪರ್‌ನಲ್ಲಿ ನಮ್ಮವನೇ ಒಬ್ಬ ಇದ್ದಾನೆ, ಸೊಸೈಟಿಯವರು ಅವನ ಪ್ರಾಣ ತಿಂತಾ ಇದ್ದಾರೆ. ಅವನಿಗೆ ಹೇಳ್ತೇನೆ. ಆದರೆ ನಮ್ಮ ಎದುರುಗಡೆಯವನಿಗೆ ನಾನು ಹೇಳಲ್ಲ" ಅಂದರು. ಅದನ್ನು ಬಾಯಿಬಿಟ್ಟು ಹೇಳಿದ್ದೇ ನನಗೆ ಖುಷಿ ಆಯಿತು. ಮೆಸೇಜ್ ಕೊಟ್ಟೆ. ಅವರು ಅದನ್ನು ಅಳಿಸಿ ತುಳುವಿನಲ್ಲಿ ವಾಯ್ಸ್ ಮೆಸೇಜ್ ಕಳಿಸಿದರು!

ಘಾಟ್ಕೋಪರ್‌ನವರು ಅವತ್ತು ಸಂಜೆಯೇ ಫೋನ್ ಮಾಡಿದರು. ಹೋಗಿ ನೋಡಿದರೆ ಡಕ್ಟಿಗೆ ಎಲ್ಲೂ ಬಾಗಿಲು ಇಲ್ಲ. ಹುಡ್‌ನಿಂದ ಗೋಡೆಯವರೆಗೆ ಅಡ್ಡ ಹೋಗಿ, ತಿರುಗಿ ಮೇಲೆ ಏರುತ್ತದೆ. ತಿರುವಿನಲ್ಲಿ ಕೈ ಹೋಗುವುದಿಲ್ಲ, ಜಿಡ್ಡೆಲ್ಲ ಅಲ್ಲೇ ಕೂತಿದೆ. ತಗಡು ಕತ್ತರಿಸಿ ಬಾಗಿಲು ಕೂರಿಸಬೇಕು, ಅದರ ಖರ್ಚು ಬೇರೆ. ಬಾಗಿಲಿಲ್ಲದೆ ಮಾಡಿದರೆ ಎಲ್ಲಿವರೆಗೆ ಸ್ವಚ್ಛ ಆಗುತ್ತೆ, ಎಲ್ಲಿ ಆಗಲ್ಲ ಅಂತ ಚಿತ್ರ ಬರೆದು ಎರಡು ರೇಟ್ ಕೊಟ್ಟೆ. ಅವರು ಇನ್ನೂ ಯೋಚನೆ ಮಾಡುತ್ತಿದ್ದಾರೆ. ಇದನ್ನು ಶೆಟ್ರಿಗೆ ಹೇಳಲಾ? ಕೆಲಸ ಆಗಿಲ್ಲವಲ್ಲ.

ಸುಜಾತಾ, ಮುಲುಂಡ್

ಇವತ್ತೇ ಹೇಳಿ. "ಅಣ್ಣ, ಹೋಗಿ ನೋಡಿ ಬಂದೆ, ಡಕ್ಟಿಗೆ ಬಾಗಿಲು ಬೇಕು, ಎರಡು ರೇಟ್ ಕೊಟ್ಟಿದ್ದೇನೆ, ನಿಧಾನಕ್ಕೆ ಯೋಚಿಸಲಿ. ನೀವು ಹೇಳಿದ್ದಕ್ಕೆ ತುಂಬಾ ಉಪಕಾರ." ಇಷ್ಟು ಸಾಕು. "ನೀವೊಂದು ಮಾತು ಹೇಳಿ ಒಪ್ಪಿಸಿ" ಅನ್ನಬೇಡಿ. ಎಷ್ಟು ರೇಟ್ ಅಂತಲೂ ಹೇಳಬೇಡಿ, ಅದು ಘಾಟ್ಕೋಪರ್‌ನವರ ವಿಷಯ. ಶೆಟ್ರಿಗೆ ಬೇಕಾಗಿರುವುದು ತಾನು ಕಳಿಸಿದವನು ಹೋದನಾ, ಸರಿಯಾಗಿ ಮಾತಾಡಿದನಾ ಅನ್ನುವುದು. ಬೇರೆ ಬಾಯಿಂದ ಕೇಳುವ ಮೊದಲು ನಿಮ್ಮಿಂದ ಕೇಳಲಿ.

ಪ್ರಕಾಶ, ಡೊಂಬಿವಲಿ

ಕೆಲಸ ಆದರೆ ಶೆಟ್ರಿಗೆ ಒಂದು ಕ್ಲೀನಿಂಗ್ ಫ್ರೀ ಮಾಡಿಬಿಡಿ ಮಾಧವ್. ಕಮಿಷನ್ ಬೇಡ ಅಂದಿರಿ, ಒಪ್ಪಿದೆ. ಇದಾದರೂ ಬೇಕಲ್ವಾ? ಬರೀ ಉಪಕಾರ ಅಂದರೆ ಸಾಲದು.

ಹೋಟೆಲಿನವ, ಮಾಟುಂಗಾ

ನನಗೆ ಫ್ರೀ ಬೇಡ. ನಾಳೆ ಇನ್ನೊಬ್ಬರಿಗೆ ಹೇಳುವಾಗ "ಇವನಿಗೆ ಅದರಲ್ಲಿ ಏನೋ ಇದೆ" ಅನ್ನುತ್ತಾರೆ. ದೀಪಾವಳಿಗೆ ಒಂದು ಡಬ್ಬಿ ಸಿಹಿ ತಂದರೆ ಸಂತೋಷ.

ಸುಜಾತಾ, ಮುಲುಂಡ್

ಇದರಲ್ಲಿ ನನಗೆ ಪ್ರಕಾಶ್ ಮಾತು ಸ್ವಲ್ಪ ಹಿಡಿಸುತ್ತದೆ. ಮೊದಲೇ ಹೇಳದೆ, ಕೆಲಸ ಆದ ಮೇಲೆ ಏನಾದರೂ ಹೆಚ್ಚಿಗೆ ಮಾಡಿಕೊಟ್ಟರೆ ತಪ್ಪಿಲ್ಲ. ಬ್ಲೋವರ್ ಬೆಲ್ಟ್ ಸವೆದಿದ್ದರೆ ದುಡ್ಡು ತೆಗೆದುಕೊಳ್ಳದೆ ಹಾಕಿಕೊಡಿ. ಆದರೆ ಮಾಟುಂಗಾದ ಅಣ್ಣನ ಥರದವರಿಗೆ ಅದೂ ಇಷ್ಟ ಆಗದೆ ಇರಬಹುದು. ನಿಮ್ಮ ಶೆಟ್ರು ಎಂಥವರು ಅಂತ ನಿಮಗೇ ಗೊತ್ತು.

ಮಾಧವ, ಚೆಂಬೂರ್

ಅವರು ಬೆಲ್ಟಿಗೂ ಬಿಲ್ ಕೇಳುವವರು ಅಕ್ಕ. ಸಿಹಿ ಡಬ್ಬಿಯೇ ಸರಿ ಅನ್ನಿಸುತ್ತದೆ. ಈಗ ಫೋನ್ ಮಾಡಿ ಘಾಟ್ಕೋಪರ್ ವಿಷಯ ಹೇಳಿದೆ. "ಬಾಗಿಲು ಇಲ್ವಾ? ಅದಕ್ಕೇ ಅವನದ್ದು ಸರಿಯಾಗ್ತಿಲ್ಲ" ಅಂದರು. ಎದುರುಗಡೆಯ ಹೋಟೆಲಿನವರು ನಿನ್ನೆ ನಮ್ಮ ಹುಡುಗರನ್ನು ರಸ್ತೆಯಲ್ಲಿ ನಿಲ್ಲಿಸಿ ತಾವಾಗಿಯೇ ನಂಬರ್ ತೆಗೆದುಕೊಂಡಿದ್ದಾರಂತೆ. ಅವರು ಫೋನ್ ಮಾಡಿದರೆ ಒಪ್ಪಿಕೊಳ್ಳಬೇಕಾ?

ಹೋಟೆಲಿನವ, ಮಾಟುಂಗಾ

ಶೆಟ್ರಿಗೆ ಮೊದಲು ಹೇಳಿ, ಆಮೇಲೆ ಒಪ್ಪಿಕೊಳ್ಳಿ. ಅನುಮತಿ ಕೇಳಬೇಕಾಗಿಲ್ಲ, ನಿಮ್ಮ ವ್ಯಾಪಾರ ನಿಮ್ಮದು. ಆದರೆ ನಿಮ್ಮ ಟೆಂಪೋ ಎದುರು ಹೋಟೆಲ್ ಮುಂದೆ ನಿಂತಿದ್ದನ್ನು ಅವರು ಕಿಟಕಿಯಿಂದ ನೋಡಿ ತಿಳಿಯುವ ಹಾಗೆ ಆಗಬಾರದು.

ಸುಜಾತಾ, ಮುಲುಂಡ್

ನಾನಾದರೆ ಈ ಒಂದು ಕೆಲಸ ಬಿಡುತ್ತಿದ್ದೆ. ಅವರಿಗೆ ಇಷ್ಟವಿಲ್ಲ ಅಂತ ನಿಮ್ಮೆದುರೇ ಹೇಳಿದ್ದಾರಲ್ಲ. ಅಣ್ಣ ಹೇಳಿದ್ದೂ ಸರಿ ಇರಬಹುದು, ಆದರೆ ನನಗೆ ಧೈರ್ಯ ಬರುವುದಿಲ್ಲ.

ಮಾಧವ, ಚೆಂಬೂರ್

ಫೋನ್ ಬರಲಿ. ಬಂದರೆ ಅವರಿಗೆ ಉತ್ತರ ಕೊಡುವ ಮೊದಲು ಶೆಟ್ರ ಹತ್ತಿರ ಹೋಗಿ ಕೂರುತ್ತೇನೆ.